ಸ್ಕ್ಯಾನ್ ಮಾಡಿದ ಲೆಕ್ಕದಲ್ಲಿ ತಪ್ಪು ಅಂಕಿಯನ್ನು ಪತ್ತೆ ಮಾಡುವುದು ಹೇಗೆ?

ಸ್ಕ್ಯಾನ್ ಮಾಡಿದ ಪುಟವನ್ನು ಓಸಿಆರ್ ತಂತ್ರಾಂಶವು ಪಠ್ಯವಾಗಿ ಪರಿವರ್ತಿಸಿದಾಗ, ಪದಗಳಲ್ಲಿ ಆದ ತಪ್ಪು ಓದುತ್ತಿದ್ದಂತೆಯೇ ಕಣ್ಣಿಗೆ ಬೀಳುತ್ತದೆ. ಆದರೆ 3,318 ಎಂಬುದು 3,818 ಆಗಿದ್ದರೆ ಅದೂ ಸಹಜವಾದ ಸಂಖ್ಯೆಯೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನು ಹಿಡಿಯಲು ನೆರವಾಗುವುದು ಅದೇ ಪುಟದಲ್ಲಿ ಅಚ್ಚಾಗಿರುವ ಒಟ್ಟು ಮೊತ್ತ.

ಮೊದಲು ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿಕೊಳ್ಳಿ. B2ರಿಂದ B5ರವರೆಗೆ 1,245, 3,818, 670 ಮತ್ತು 2,904 ಇವೆ, B6ರಲ್ಲಿ ಅಚ್ಚಾದ ಮೊತ್ತ 8,137 ಇದೆ ಎಂದುಕೊಳ್ಳೋಣ. ಖಾಲಿ ಇರುವ ಎರಡು ಕೋಶಗಳಲ್ಲಿ ಈ ಸೂತ್ರಗಳನ್ನು ಬರೆಯಿರಿ:

```
=COUNT(B2:B5)
=SUM(B2:B5)-B6
```

ಮೊದಲನೆಯದಕ್ಕೆ 4 ಎಂಬ ಉತ್ತರ ಬರಬೇಕು. ಸೊನ್ನೆಯ ಜಾಗದಲ್ಲಿ O ಅಕ್ಷರ ಸೇರಿ 670 ಎಂಬುದು 67O ಆಗಿದ್ದರೆ, ಸ್ಪ್ರೆಡ್‌ಶೀಟ್ ಅದನ್ನು ಪಠ್ಯವೆಂದು ಭಾವಿಸಿ, ಒಂದು ಮಾತೂ ಹೇಳದೆ ಕೂಡಿಕೆಯಿಂದ ಕೈಬಿಡುತ್ತದೆ. ಆಗ ಎಣಿಕೆ 3 ಎಂದು ತೋರಿಸುತ್ತದೆ.

ಎಣಿಕೆ ಸರಿಯಿದ್ದ ಮೇಲೆ ಎರಡನೆಯ ಉತ್ತರವನ್ನು ನೋಡಿ. ನಮ್ಮ ಉದಾಹರಣೆಯಲ್ಲಿ ಕೂಡಿದರೆ 8,637 ಬರುತ್ತದೆ, ವ್ಯತ್ಯಾಸ 500. ಒಂದೇ ಅಂಕಿ ತಪ್ಪಾಗಿದ್ದರೆ ವ್ಯತ್ಯಾಸವು ಹೀಗೆ ಒಂದು ಅಂಕಿ, ಅದರ ಹಿಂದೆ ಸೊನ್ನೆಗಳು ಎಂಬ ರೂಪದಲ್ಲಿರುತ್ತದೆ. ಆದ್ದರಿಂದ ಇಡೀ ಪುಟವನ್ನು ತಡಕಾಡಬೇಕಿಲ್ಲ, ನೂರರ ಸ್ಥಾನವನ್ನಷ್ಟೇ ನೋಡಿದರೆ ಸಾಕು. ಅಲ್ಲಿರುವುದು 2, 8, 6, 9. ಕೂಡಿಕೆ 500ರಷ್ಟು ಹೆಚ್ಚಾಗಿರುವುದರಿಂದ 8 ಮೂಲದಲ್ಲಿ 3 ಆಗಿರಬಹುದು, 6 ಎಂಬುದು 1, 9 ಎಂಬುದು 4 ಆಗಿರಬಹುದು. ಆಕಾರದಲ್ಲಿ ಹೆಚ್ಚು ಹೋಲುವುದು 3 ಮತ್ತು 8. ಮಸಿ ಸ್ವಲ್ಪ ಹರಡಿದರೂ 3ರ ಎಡಬದಿ ಮುಚ್ಚಿಕೊಂಡು 8 ಆಗಿಬಿಡುತ್ತದೆ. ಹಾಗೆಂದು ಊಹೆಯ ಮೇಲೆ ತಿದ್ದಬಾರದು. ಮೂಲ ಚಿತ್ರವನ್ನು ಹಿಗ್ಗಿಸಿ ನೋಡಿದ ಮೇಲೆಯೇ ಅಂಕಿಯನ್ನು ಬದಲಿಸಬೇಕು. ಒಟ್ಟು ಮೊತ್ತವನ್ನೇ ತಂತ್ರಾಂಶ ತಪ್ಪಾಗಿ ಓದಿರುವ ಸಾಧ್ಯತೆಯೂ ಇರುವುದರಿಂದ ಅದನ್ನೂ ಚಿತ್ರದೊಡನೆ ಹೋಲಿಸಬೇಕು.

ಬೇರೆ ಬಗೆಯ ತಪ್ಪುಗಳಿಗೆ ಬೇರೆ ಗುರುತುಗಳಿವೆ. ಋಣ ಚಿಹ್ನೆ ಅಳಿಸಿಹೋಗಿದ್ದರೆ ವ್ಯತ್ಯಾಸವು ಆ ಸಂಖ್ಯೆಯ ಸರಿಯಾಗಿ ಎರಡರಷ್ಟಿರುತ್ತದೆ. ಎರಡು ದಶಮಾಂಶ ಸ್ಥಾನಗಳಿರುವ ಸಂಖ್ಯೆಯಲ್ಲಿ ಬಿಂದು ಬಿಟ್ಟುಹೋದರೆ ಅದು ನೂರು ಪಟ್ಟಾಗುವುದರಿಂದ, ವ್ಯತ್ಯಾಸವನ್ನು 99ರಿಂದ ಭಾಗಿಸಿದರೆ ನಿಜವಾದ ಸಂಖ್ಯೆಯೇ ಸಿಗುತ್ತದೆ.

ವ್ಯತ್ಯಾಸ ಸೊನ್ನೆ ಬಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಒಂದು ಕಡೆ ನೂರರ ಸ್ಥಾನದ 3 ಎಂಬುದು 8 ಆಗಿ, ಅದೇ ಕಾಲಂನ ಇನ್ನೊಂದು ಸಾಲಿನಲ್ಲಿ 8 ಎಂಬುದು 3 ಆಗಿದ್ದರೆ ಎರಡೂ ತಪ್ಪುಗಳು ವಜಾ ಆಗಿಬಿಡುತ್ತವೆ. ಪುಟದಲ್ಲಿ ಅಡ್ಡಸಾಲಿನ ಮೊತ್ತಗಳೂ ಇದ್ದರೆ ಅವನ್ನೂ ಕೂಡಿ ನೋಡಿ, ಆ ಎರಡೂ ಸಾಲುಗಳು ಅಲ್ಲಿ ಸಿಕ್ಕಿಬೀಳುತ್ತವೆ. ಒಂದೇ ತಪ್ಪಿದ್ದರೆ ತಾಳೆಯಾಗದ ಸಾಲು ಮತ್ತು ತಾಳೆಯಾಗದ ಕಾಲಂ ಕೂಡುವ ಕೋಶದಲ್ಲೇ ಅದು ಇರುತ್ತದೆ.

ಚಿತ್ರದಲ್ಲಿ ಎಲ್ಲ ಅಂಕಿಗಳೂ ಸರಿಯಾಗಿದ್ದು ಮೊತ್ತ ಮಾತ್ರ ಹೊಂದದಿದ್ದರೆ, ಲೆಕ್ಕ ಬರೆದವರೇ ಕೂಡುವಾಗ ತಪ್ಪಿದ್ದಾರೆ ಎಂದರ್ಥ. ಅದನ್ನು ತಿದ್ದಲು ಹೋಗದೆ, ಇದ್ದಂತೆಯೇ ಉಳಿಸಿ, ಪಕ್ಕದ ಕೋಶದಲ್ಲಿ ಟಿಪ್ಪಣಿ ಬರೆದಿಡಿ.