ಅಕ್ಕನ ಮಗಳ ಮದುವೆ: ಒಂದು ಪಂಕ್ತಿಗೆ ನಿಜವಾಗಿ ಎಷ್ಟು ಎಲೆ?

ಸಾಗರದ ಕಡೆ ಅಕ್ಕನ ಮಗಳ ಮದುವೆ. ಊಟದ ಉಸ್ತುವಾರಿ ನನ್ನ ತಲೆಗೆ ಬಂತು. ನೆಲದ ಮೇಲೆ ಕೂತು ಬಾಳೆಎಲೆ ಊಟವೇ ಆಗಬೇಕು ಅಂತ ಭಾವನ ಹಟ. ಛತ್ರದ ಮ್ಯಾನೇಜರ್ "ಆರಾಮಾಗಿ 200 ಜನ ಕೂರ್ತಾರೆ ಸಾರ್" ಅಂದರು. ನಮ್ಮ ಲೆಕ್ಕ 450 ಜನ. ಹಾಗಾದರೆ ಮೂರೇ ಪಂಕ್ತಿಯಲ್ಲಿ ಮುಗಿಯುತ್ತೆ ಅಲ್ವಾ ಅಂತ ಎಲ್ಲರಿಗೂ ಖುಷಿ. ನನಗೆ ಮಾತ್ರ ಅನುಮಾನ. ಟೇಪು ಹಿಡಿದುಕೊಂಡು ಹೋದೆ.

ಹಾಲ್ 60 ಅಡಿ ಉದ್ದ, 32 ಅಡಿ ಅಗಲ. ಸಾಲು ಹಾಕೋದು ಉದ್ದಕ್ಕೆ. ಆದರೆ 60 ಅಡಿಗೂ ಎಲೆ ಹಾಕೋಕೆ ಆಗಲ್ಲ. ಒಂದು ತುದಿ ಅಡುಗೆಮನೆ ಬಾಗಿಲು, ಇನ್ನೊಂದು ತುದಿ ಕೈ ತೊಳೆಯಲು ಹೋಗೋ ದಾರಿ. ಎರಡೂ ಕಡೆ 4 ಅಡಿ ಬಿಟ್ಟರೆ ಸಾಲಿಗೆ ಉಳಿಯೋದು 52 ಅಡಿ.

ಈಗ ಒಬ್ಬರಿಗೆ ಎಷ್ಟು ಜಾಗ? ಎರಡಡಿ ಸಾಕು ಅಂತ ಎಲ್ಲರೂ ಹೇಳ್ತಾರೆ. ನಾನು ಅಕ್ಕನ ಮನೆ ಜಗುಲಿಯಲ್ಲಿ ಜಮಖಾನ ಹಾಸಿ, ನಾಲ್ಕು ಜನ ದೊಡ್ಡವರನ್ನು ಚಕ್ಕಳಮಕ್ಕಳ ಹಾಕಿ ಸಾಲಾಗಿ ಕೂರಿಸಿ ಅಳೆದೆ, ಮೊಣಕಾಲು ತಾಗದ ಹಾಗೆ. ಹತ್ತಿರ ಹತ್ತಿರ 9 ಅಡಿ ಬಂತು. ಅಂದರೆ ಒಬ್ಬರಿಗೆ ಎರಡೂಕಾಲು ಅಡಿ. ಇದನ್ನು ಮದುವೆ ದಿನ ಟೇಪಲ್ಲಿ ಅಳೆಯೋಕೆ ಆಗಲ್ಲ, ಎಲೆ ಹಾಕೋ ಹುಡುಗರಿಗೆ ಹೇಳಿದ್ದು ಇಷ್ಟೆ: ಎಲೆ ಒಂದೂವರೆ ಅಡಿ, ಎಲೆಗೂ ಎಲೆಗೂ ನಡುವೆ ಒಂದು ಗೇಣು. ಗೇಣು ಮುಕ್ಕಾಲು ಅಡಿ, ಲೆಕ್ಕ ಸರಿಹೋಯ್ತು. 52 ಅಡಿಗೆ 23 ಎಲೆ. ಮೊದಲೊಂದು ಉಪನಯನದಲ್ಲಿ ಹುಡುಗರು ಎಲೆಗಳನ್ನು ತೀರಾ ಒತ್ತೊತ್ತಾಗಿ ಹಾಕಿಬಿಟ್ಟಿದ್ದರು. ಕೂತವರು ಎಲೆ ಎಳೆದುಕೊಂಡು ಸರಿದು, ಕೊನೆಗೆ ಪ್ರತಿ ಸಾಲಲ್ಲೂ ಮೂರು ನಾಲ್ಕು ಎಲೆ ಸುಮ್ನೆ ಬಿದ್ದಿತ್ತು, ಉಪ್ಪು ಉಪ್ಪಿನಕಾಯಿ ಸಮೇತ.

ಇನ್ನು ಅಗಲ. ಕೂತ ಮನುಷ್ಯ, ಮುಂದಿನ ಎಲೆ ಸೇರಿ ಮೂರೂವರೆ ಅಡಿ. ಎರಡು ಸಾಲು ಎದುರುಬದುರು ಕೂತರೆ ಬಡಿಸೋ ದಾರಿ ಒಂದೇ ಸಾಕು, ಅದಕ್ಕೆ 3 ಅಡಿ. ಒಟ್ಟು ಜೋಡಿಗೆ 10 ಅಡಿ. ಜೋಡಿಗೂ ಜೋಡಿಗೂ ನಡುವೆ, ಬೆನ್ನಿಗೆ ಬೆನ್ನು ತಾಗದ ಹಾಗೆ ಒಂದಡಿ. ಮೂರು ಜೋಡಿಗೆ 30, ನಡುವಿನ ಜಾಗ 2, ಸರಿಯಾಗಿ 32 ಅಡಿ! ಖುಷಿಯಾಗಿ ತಲೆ ಎತ್ತಿದರೆ ಗೋಡೆಗೆ ಅಂಟಿದ ಕಂಬಗಳು ಕಂಡವು. ಎರಡೂ ಕಡೆ ಮುಕ್ಕಾಲು ಅಡಿ ಒಳಗೆ ಬಂದಿವೆ. ಉಳಿದಿದ್ದು ಮೂವತ್ತೂವರೆ ಅಡಿ.

ಆ ಒಂದೂವರೆ ಅಡಿಯನ್ನು ಎಲ್ಲಿಂದ ಕಡಿಮೆ ಮಾಡೋದು? ಕೂರೋ ಜಾಗ ಮುಟ್ಟೋ ಹಾಗಿಲ್ಲ. ಬಡಿಸೋ ದಾರಿಗಳನ್ನು ಎರಡೂವರೆ ಅಡಿಗೆ ಇಳಿಸಿದೆ. ಬಡಿಸುವ ತಂಡದ ಹಿರಿಯ ಭಟ್ಟರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ. ಅವರು ಸಾಂಬಾರಿನ ಬಕೆಟ್ ಹಿಡಿದು ಬಗ್ಗಿ ನಿಂತರು. "ನೋಡಿ, ನಾನು ಈ ಎಲೆಗೆ ಬಡಿಸ್ತಾ ಇದ್ದರೆ ನನ್ನ ಪಂಚೆ ಹಿಂದಿನವರ ಪಾಯಸದೊಳಗೆ ಇರ್ತದೆ. ಇದರಲ್ಲಿ ಇನ್ನೊಬ್ಬ ಎದುರು ಬಂದರೆ ಮುಗೀತು." ಆಮೇಲೆ ಅವರೇ ದಾರಿ ಹೇಳಿದರು. ಎಲ್ಲರೂ ಅಡುಗೆಮನೆ ಕಡೆಯಿಂದಲೇ ಒಳಗೆ ಹೋಗೋದು, ಒಬ್ಬ ಬಲಗಡೆ ಸಾಲಿಗೆ ಬಡಿಸುತ್ತಾ ಹೋದರೆ ಸ್ವಲ್ಪ ಹಿಂದೆ ಇನ್ನೊಬ್ಬ ಎಡಗಡೆ ಸಾಲಿಗೆ. ಆ ತುದಿಯ ಬಾಗಿಲಿಂದ ಹೊರಗೆ ಬಂದು ಜಗುಲಿ ಸುತ್ತಿ ವಾಪಸ್. ಯಾರೂ ತಿರುಗಿ ಬರೋ ಹಾಗಿಲ್ಲ. ಹೊರಗಡೆ ಬಾಗಿಲು ಇಲ್ಲದ ಹಾಲ್ ಆಗಿದ್ದರೆ ಈ ಉಪಾಯ ನಡೀತಿರಲಿಲ್ಲ, ಒಂದು ಸಾಲು ಬಿಡಲೇಬೇಕಿತ್ತು.

ಹಾಗೆ 6 ಸಾಲು, ಸಾಲಿಗೆ 23, ಒಟ್ಟು 138. ಮ್ಯಾನೇಜರ್ 200 ಎಲ್ಲಿಂದ ತಂದರು ಅಂತ ಕೇಳಿದೆ. ಸಾಲಿಗೆ 26, ಅಂಥ 8 ಸಾಲು ಅಂದರು. 32 ಅಡಿಯಲ್ಲಿ 8 ಸಾಲು ಅಂದರೆ ಸಾಲಿಗೆ 4 ಅಡಿ. ಕೂರೋಕೇ ಮೂರೂವರೆ ಹೋದರೆ ಎದುರುಬದುರು ಸಾಲಿನ ನಡುವೆ ಬಡಿಸೋನಿಗೆ ಉಳಿಯೋದು ಒಂದೇ ಅಡಿ. ಅದೂ ಬೆನ್ನಿಗೆ ಬೆನ್ನು ಅಂಟಿಸಿ ಕೂರಿಸಿದರೆ. ಇದನ್ನು ಹೇಳಿದ ಮೇಲೆ ಅವರು ನಕ್ಕು ಸುಮ್ಮನಾದರು.

138ರ ಲೆಕ್ಕದಲ್ಲಿ ಮೂರು ಪಂಕ್ತಿಗೆ 414, ಇನ್ನೂ 36 ಜನ ಉಳೀತಾರೆ. ಮಂಡಿನೋವಿನವರು ಹೇಗೂ ನೆಲಕ್ಕೆ ಕೂರಲ್ಲ ಅಂತ ಜಗುಲಿಯ ಒಳಬದಿಗೆ ಟೇಬಲ್ ಹಾಕಿಸಿ 16 ಕುರ್ಚಿ ಇಟ್ಟೆ. ಪಂಕ್ತಿಗೆ 154, ಮೂರಕ್ಕೆ 462. ಕಾಗದದ ಮೇಲೆ ಸಾಕು. ಆದರೆ ಮೊದಲ ಪಂಕ್ತಿಯಲ್ಲಿ ನೆಲದ ಮೇಲೆ ಕೂತಿದ್ದು 131 ಜನ ಮಾತ್ರ. ಸಾಲಿನ ಕೊನೆಗೆ ಒಂದೊಂದು ಎಲೆ ಖಾಲಿ ಇರ್ತದೆ, ಗಂಡ ಹೆಂಡತಿ ಮಗು ಬೇರೆ ಬೇರೆ ಕೂರೋಕೆ ಒಪ್ಪಲ್ಲ. ಹಾಗಾಗಿ ನಾಲ್ಕನೇ ಪಂಕ್ತಿ ಆಗೇ ಆಯ್ತು. ಅದರಲ್ಲಿ ಕೂತವರು ಮನೆಯವರು, ಬಡಿಸಿದವರು, ಎರಡು ಸಾಲಿಗೆ ಸರಿಹೋಯ್ತು. ಆಗ ದಾರಿ ಬೇಕಾದಷ್ಟು ಅಗಲ ಬಿಟ್ಟುಕೊಂಡೆವು.