ದಿನಾಂಕ ಮುಂದೆ ಹೋಗುತ್ತಲೇ ಇದ್ದರೆ: ಪ್ರೀ-ಆರ್ಡರ್, ಬ್ಯಾಕ್‌ಆರ್ಡರ್‌ಗಳಲ್ಲಿ ನಾನು ಕಂಡದ್ದು

ಹುಬ್ಬಳ್ಳಿಯಲ್ಲಿ ನನ್ನದು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೂ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೂ ಸಾಮಾನು ಕೊಡುತ್ತೇನೆ. ಗ್ರಾಹಕರಿಗೆ ನಾನು ಮಾರುವವನು, ದೊಡ್ಡ ವಿತರಕರಿಗೆ ನಾನೇ ಗ್ರಾಹಕ. ತಡವಾದಾಗ ಉತ್ತರ ಹೇಳಬೇಕಾದವನೂ ಉತ್ತರ ಕೇಳಬೇಕಾದವನೂ ನಾನೇ ಆಗಿರುವುದರಿಂದ ಈ ವಿಷಯ ಎರಡೂ ಕಡೆಯಿಂದ ತಿಳಿದಿದೆ.

ಸಾಮಾನ್ಯ ಆರ್ಡರ್‌ನಲ್ಲಿ ವಸ್ತು ಗೋದಾಮಿನಲ್ಲಿ ಇರುತ್ತದೆ. ಹಣ ಕಟ್ಟಿದ ಕೂಡಲೇ ಅದರಲ್ಲೊಂದು ನಿಮ್ಮ ಹೆಸರಿಗೆ ಮೀಸಲಾಗುತ್ತದೆ, ಆಮೇಲೆ ತಡವಾದರೆ ಅದು ಪ್ಯಾಕಿಂಗಿನದೋ ಕೊರಿಯರ್‌ನದೋ ತಡ. ಬ್ಯಾಕ್‌ಆರ್ಡರ್‌ನಲ್ಲಿ ವಸ್ತು ಮಾರುಕಟ್ಟೆಗೆ ಬಂದು ಸ್ಟಾಕ್ ಮುಗಿದಿರುತ್ತದೆ. ನೀವು ಹಣ ಕೊಟ್ಟು ಪಡೆಯುವುದು ಸಾಲಿನಲ್ಲಿ ಒಂದು ಜಾಗವನ್ನು. ಪ್ರೀ-ಆರ್ಡರ್‌ನಲ್ಲಿ ವಸ್ತು ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ, ಅಲ್ಲಿರುವ ದಿನಾಂಕ ತಯಾರಕರ ಉದ್ದೇಶ ಮಾತ್ರ. ಅದಕ್ಕೇ ಸಾಮಾನ್ಯ ಆರ್ಡರ್ ತಡವಾದಾಗ ಕೇಳುವ "ನನ್ನ ಪಾರ್ಸೆಲ್ ಎಲ್ಲಿದೆ?" ಎಂಬ ಪ್ರಶ್ನೆ ಉಳಿದೆರಡರಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನನಗೆ ಇದನ್ನು ಚೆನ್ನಾಗಿ ಕಲಿಸಿದ್ದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡುಗಳ ಕೊರತೆಯ ಕಾಲ. ಚಿಪ್ ಅಭಾವದಿಂದ 2021ರಲ್ಲಿ ಶುರುವಾದ ಈ ಕೊರತೆ 2023ರವರೆಗೂ ಎಳೆಯಿತು. 2021ರ ಅಕ್ಟೋಬರ್‌ನಲ್ಲಿ ಪೈ 4ರ 2 ಜಿಬಿ ಮಾದರಿಯ ಬೆಲೆಯನ್ನು ಕಂಪನಿ 35 ಡಾಲರ್‌ನಿಂದ 45ಕ್ಕೆ ಏರಿಸಿತು. ಅದೇ ಸಮಯದಲ್ಲಿ ಇನ್ನೊಂದು ತೀರ್ಮಾನವೂ ಇತ್ತು: ತಯಾರಾದ ಬೋರ್ಡುಗಳಲ್ಲಿ ಹೆಚ್ಚಿನ ಪಾಲು, ಅದೇ ಬೋರ್ಡನ್ನು ನಂಬಿ ತಮ್ಮ ಯಂತ್ರ ತಯಾರಿಸುವ ಉದ್ಯಮಗಳಿಗೆ ಮೊದಲು. ಬಿಡಿಯಾಗಿ ಕೊಳ್ಳುವವರು ಅವರ ಹಿಂದೆ.

2022ರಲ್ಲಿ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ 20 ಪೈ 4 ಬೋರ್ಡುಗಳು ಬೇಕಾಗಿದ್ದವು. ವಿತರಕರಲ್ಲಿ ಬ್ಯಾಕ್‌ಆರ್ಡರ್ ಹಾಕಿದೆ. ಜೂನ್ ಎಂದಿದ್ದದ್ದು ಸೆಪ್ಟೆಂಬರ್ ಆಯಿತು, ಮತ್ತೆ ಡಿಸೆಂಬರ್‌ಗೆ ಹೋಯಿತು. ಪ್ರತಿ ಸಲವೂ ಅಷ್ಟೇ ವಾರಗಳ ಜಿಗಿತ ಎಂಬುದು ನನ್ನ ಗಮನ ಸೆಳೆಯಿತು. ಕಾರ್ಖಾನೆಯಿಂದ ನಿಜವಾದ ವೇಳಾಪಟ್ಟಿ ಬಂದಿದ್ದರೆ ದಿನಾಂಕ ಹೀಗೆ ಸಮ ಹೆಜ್ಜೆ ಹಾಕುವುದಿಲ್ಲ. ಒಮ್ಮೆ ಎರಡು ವಾರ ತಡವಾಗುತ್ತದೆ, ಒಮ್ಮೆ ಐದು ದಿನ ಬೇಗ ಬರುತ್ತದೆ. ವಿತರಕರ ಮಾರಾಟ ವಿಭಾಗಕ್ಕೆ ಫೋನ್ ಮಾಡಿ ನೇರವಾಗಿ ಕೇಳಿದೆ: "ಈ ದಿನಾಂಕ ತಯಾರಕರು ಖಚಿತಪಡಿಸಿದ್ದೋ, ನಿಮ್ಮ ಕಂಪ್ಯೂಟರ್ ಲೆಕ್ಕ ಹಾಕಿದ್ದೋ?"

ಅತ್ತಲಿಂದ ಪ್ರಾಮಾಣಿಕ ಉತ್ತರ ಬಂತು: "ಸರ್, ಖಚಿತವಾದ ಸರಬರಾಜು ಇಲ್ಲದಿದ್ದರೆ ಇವತ್ತಿನ ದಿನಾಂಕಕ್ಕೆ ಲೀಡ್ ಟೈಮ್, ಅಂದರೆ ಸರಕು ಬರಲು ಸಾಮಾನ್ಯವಾಗಿ ಹಿಡಿಯುವ ಅವಧಿ, ಕೂಡಿಸಿ ಅದೇ ತೋರಿಸುತ್ತದೆ."

ಅಂದರೆ ಆ ದಿನಾಂಕದ ಹಿಂದೆ ಒಂದೇ ಒಂದು ಬೋರ್ಡೂ ಇರಲಿಲ್ಲ. ಅಂದಿನಿಂದ ದಿನಾಂಕ ಎರಡನೇ ಬಾರಿ ಜಾರಿದೊಡನೆ ನಾನು ಮೂರು ಸಂಗತಿ ಕೇಳುತ್ತೇನೆ. ನೀವು ಮೇಲಿನವರಿಗೆ ಖರೀದಿ ಆದೇಶ ಕೊಟ್ಟು ಅದಕ್ಕೆ ಸ್ವೀಕೃತಿ ಬಂದಿದೆಯೇ? ಮುಂದಿನ ಕಂತಿನಲ್ಲಿ ನಿಮಗೆ ಎಷ್ಟು ಹಂಚಿಕೆಯಾಗಿದೆ? ನನ್ನ ಮುಂದೆ ಎಷ್ಟು ಬೋರ್ಡುಗಳ ಬೇಡಿಕೆ ಇದೆ? ಹಂಚಿಕೆ 50, ನನ್ನ ಮುಂದಿರುವ ಬೇಡಿಕೆ 300 ಎಂದರೆ ದಿನಾಂಕ ನಿಜವೇ ಆಗಿದ್ದರೂ ಆ ಕಂತು ನನ್ನದಲ್ಲ. ಮೂರಕ್ಕೂ ಉತ್ತರವಿಲ್ಲದ ಕಡೆ ನಾನು ಕಾಯುವುದಿಲ್ಲ.

ಆರ್ಡರ್ ರದ್ದು ಮಾಡುವ ಮೊದಲು ಒಂದು ಎಚ್ಚರ ಬೇಕು. ಅನೇಕ ಕಡೆ ಸಂಖ್ಯೆ ಅಥವಾ ಮಾದರಿ ಬದಲಿಸಿದರೂ ಅದು ಹೊಸ ಆರ್ಡರ್ ಎಂದೇ ದಾಖಲಾಗಿ ಸಾಲಿನ ಕೊನೆಗೆ ಹೋಗುತ್ತದೆ. ಆದ್ದರಿಂದ ಇಪ್ಪತ್ತರ ಆರ್ಡರನ್ನು ಮುಟ್ಟದೆ, ಬಂದಷ್ಟನ್ನು ಬಂದ ಹಾಗೆ ಕಂತುಗಳಲ್ಲಿ ಕಳುಹಿಸಲು ಮಾತ್ರ ಒಪ್ಪಿಗೆ ಬರೆದುಕೊಟ್ಟೆ. ಆರ್ಡರನ್ನು ರದ್ದು ಮಾಡುವಂತಿಲ್ಲ ಎಂಬ ಷರತ್ತು ಅದಕ್ಕೆ ಅಂಟಿಕೊಂಡಿಲ್ಲ ಎಂದೂ ಬರವಣಿಗೆಯಲ್ಲಿ ಪಡೆದುಕೊಂಡೆ. ಕೊರತೆಯ ಕಾಲದಲ್ಲಿ ವಿತರಕರು ಈ ಷರತ್ತನ್ನು ಸದ್ದಿಲ್ಲದೆ ಸೇರಿಸುವುದುಂಟು.

ಆಮೇಲೆ ಕಾಲೇಜಿನ ಪ್ರಾಧ್ಯಾಪಕರ ಜೊತೆ ಕುಳಿತು ಪ್ರಯೋಗಗಳ ಪಟ್ಟಿಯನ್ನೇ ನೋಡಿದೆವು. ಅರ್ಧಕ್ಕಿಂತ ಹೆಚ್ಚಿನ ಪ್ರಯೋಗಗಳು ಸೆನ್ಸರ್ ಓದಿ ವೈಫೈ ಮೂಲಕ ಮಾಹಿತಿ ಕಳುಹಿಸುವಂಥವು. ಅವಕ್ಕೆ ಲಿನಕ್ಸ್ ಓಡಿಸುವ ಬೋರ್ಡೇ ಬೇಕಾಗಿರಲಿಲ್ಲ. 2022ರ ಜೂನ್ ಕೊನೆಯಲ್ಲಿ 6 ಡಾಲರ್‌ಗೆ ಬಂದ, ಅದೇ ಕಂಪನಿಯ ಸರಳ ಬೋರ್ಡು ಪೈಕೋ ಡಬ್ಲ್ಯೂ ಸಾಕಾಗಿತ್ತು. ಅದರ ಚಿಪ್ ಬೇರೆ, ಹಾಗಾಗಿ ಆ ಬೋರ್ಡಿಗೆ ಪೈ 4ರಂಥ ಅಭಾವ ಇರಲಿಲ್ಲ. ಕ್ಯಾಮೆರಾ ಬಳಸಿ ಚಿತ್ರ ಸಂಸ್ಕರಿಸುವ ಪ್ರಯೋಗಗಳಿಗೆ ಮಾತ್ರ ಪೈ 4 ಬೇಕೇ ಬೇಕಿತ್ತು, ಅವುಗಳನ್ನು ಮುಂದಿನ ಸೆಮಿಸ್ಟರ್‌ಗೆ ಸರಿಸಿದರು. ವಸ್ತುವಿಗಾಗಿ ಕಾಯುವ ಬದಲು ಅದರಿಂದ ಆಗಬೇಕಾದ ಕೆಲಸವನ್ನು ಬಿಡಿಸಿ ನೋಡಿದ್ದರಿಂದ ಆ ವರ್ಷದ ಪಾಠ ನಿಲ್ಲಲಿಲ್ಲ. ಬಾಕಿ ಬೋರ್ಡುಗಳು 2023ರಲ್ಲಿ ಕಂತುಕಂತಾಗಿ ಬಂದವು.

ಪೈ 5 ಬಂದಾಗ ಪರಿಸ್ಥಿತಿ ತಿರುವುಮುರುವಾಯಿತು. 2023ರ ಸೆಪ್ಟೆಂಬರ್ 28ರಂದು ಘೋಷಿಸಿ, ಅಕ್ಟೋಬರ್ ಕೊನೆಗೆ ಮಾರಾಟ ಎಂದರು. ಈ ಸಲ ವರ್ಷಾಂತ್ಯದವರೆಗೆ ಬಿಡಿಯಾಗಿ ಕೊಳ್ಳುವವರಿಗೇ ಆದ್ಯತೆ ಎಂದು ಕಂಪನಿ ಹೇಳಿತು. ಸಾಲು ಎಂದರೆ ಒಂದೇ ಸಾಲಲ್ಲ, ನೀವು ಯಾವ ಸಾಲಿನಲ್ಲಿದ್ದೀರಿ ಎಂಬುದೇ ಮುಖ್ಯ. ಹತ್ತಾರು ಬೋರ್ಡು ಕೇಳಿದ ಸಂಸ್ಥೆಗಳಿಗೆ ನಾನು ಜನವರಿಗೆ ಮೊದಲು ನಿರೀಕ್ಷೆ ಬೇಡ ಎಂದೆ. ಒಂದೊಂದೇ ಬೇಕಾದ ವಿದ್ಯಾರ್ಥಿಗಳಿಂದ, ವಿತರಕರು ಹಂಚಿಕೆಯ ಸಂಖ್ಯೆ ತಿಳಿಸಿದ ನಂತರ, ಅಷ್ಟಕ್ಕೆ ಮಾತ್ರ ಸಣ್ಣ ಮುಂಗಡ ತೆಗೆದುಕೊಂಡೆ. ಮುಂಗಡಕ್ಕೆ ಬಿಲ್ ಕೊಡದೆ ರಸೀದಿ ವೋಚರ್ ಕೊಟ್ಟೆ. ಸರಕು ಕೊಡದೆ ಹಣ ಹಿಂದಿರುಗಿಸುವ ಸಂದರ್ಭ ಬಂದರೆ ಜಿಎಸ್‌ಟಿ ಲೆಕ್ಕದಲ್ಲಿ ಇದು ಸುಲಭ.

ಪೂರ್ತಿ ಹಣ ಕೊಟ್ಟು ಕಾಯುತ್ತಿರುವ ಗ್ರಾಹಕರಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ. ವಿದೇಶಗಳಲ್ಲಿ ಅನೇಕ ಅಂಗಡಿಗಳು ರವಾನಿಸುವ ದಿನ ಕಾರ್ಡ್‌ನಿಂದ ಹಣ ತೆಗೆಯುತ್ತವೆ. ಇಲ್ಲಿ ಒಟಿಪಿ ಇಲ್ಲದೆ ಹಾಗೆ ತೆಗೆಯುವುದು ಕಷ್ಟವಾದ್ದರಿಂದ ಪ್ರೀ-ಆರ್ಡರ್‌ನಲ್ಲೂ ಹಣ ಮೊದಲೇ ಹೋಗಿರುತ್ತದೆ. ಕಾರ್ಡ್ ಮೂಲಕ ಕೊಟ್ಟಿದ್ದರೆ, ಮಾಲು ಬರಲಿಲ್ಲವೆಂದು ಬ್ಯಾಂಕಿನ ಮುಖಾಂತರ ತಕರಾರು ಎತ್ತಬಹುದು. ಇದಕ್ಕೆ ಸಾಮಾನ್ಯವಾಗಿ ತಲುಪಬೇಕಿದ್ದ ದಿನದಿಂದ 120 ದಿನಗಳ ಗಡುವಿದೆ, ಹಣ ಕಟ್ಟಿದ ದಿನದಿಂದ ಲೆಕ್ಕ ಹಾಕಿದ ಹೊರಮಿತಿಯೂ ಇದೆ. ಹೊಸ ದಿನಾಂಕಗಳಿಗೆ ತಲೆಯಾಡಿಸುತ್ತಾ ಕುಳಿತರೆ ಆ ಹೊರಮಿತಿ ಕಳೆದುಹೋಗಬಹುದು. ಆದ್ದರಿಂದ ಪ್ರತಿ ದಿನಾಂಕ ಬದಲಾವಣೆಯ ಇಮೇಲ್ ಉಳಿಸಿಕೊಂಡು, ಗಡುವನ್ನು ಬ್ಯಾಂಕಿನಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

ಮಾರುವವರು ಹಣ ಹಿಂದಿರುಗಿಸಲು ಒಪ್ಪದಿದ್ದರೆ, 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳನ್ನು ಹೆಸರಿಸಿ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. ಹೇಳಿದ ದಿನಕ್ಕೆ ತಲುಪದ ಸರಕಿಗೆ ಹಣ ವಾಪಸು ನಿರಾಕರಿಸುವಂತಿಲ್ಲ ಎನ್ನುತ್ತವೆ ಆ ನಿಯಮಗಳು, ಕೈಮೀರಿದ ವಿಪತ್ತಿಗೆ ಮಾತ್ರ ವಿನಾಯಿತಿ. ಆ ಅಧಿಕಾರಿ 48 ಗಂಟೆಗಳಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.