ನನ್ನ ಒಂದು ಗಂಟೆಗೆ ಎಷ್ಟು?

ಮೈಸೂರಿನಲ್ಲಿ ಮನೆಯಿಂದಲೇ ಸಣ್ಣ ಅಂಗಡಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಶುರುವಿನಲ್ಲಿ ತಿಂಗಳಿಗೆ 15,000 ರೂಪಾಯಿ ಸಿಗುತ್ತಿತ್ತು. ಮನೆಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. 60,000 ಆದಮೇಲೂ ರಾತ್ರಿ ಮುಸುರೆ ತಿಕ್ಕುವುದು ನಾನೇ.

ಒಂದು ತಿಂಗಳ 11ನೇ ತಾರೀಖು, ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1 ಹಾಕಲು ಕೊನೆಯ ದಿನ. ಪಾತ್ರೆ ಮುಗಿಸಿ ಹತ್ತು ಗಂಟೆಗೆ ಕೂತೆ. ಅವಸರದಲ್ಲಿ ಒಂದು ಬಿಲ್ ಬಿಟ್ಟುಹೋಯಿತು. ಸರಕು ಕೊಂಡವರ ಖರೀದಿ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣಲಿಲ್ಲ, ಆ ಬಿಲ್ಲಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಆ ತಿಂಗಳು ಅವರಿಗೆ ಸಿಗಲಿಲ್ಲ. ಬೈಗುಳ ನನ್ನ ಗ್ರಾಹಕರಿಗೆ. ತುಂಬಾ ಬೇಜಾರಾಯಿತು.

ಮಾರನೇ ದಿನದಿಂದ ಒಂದು ತಿಂಗಳು ಪ್ರತಿ ಗಂಟೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. 150 ಗಂಟೆ ದುಡಿಯುತ್ತೇನೆ ಅಂದುಕೊಂಡಿದ್ದೆ. ಫೋನು, ಬಿಲ್ಲಿಗಾಗಿ ನೆನಪಿಸುವುದು, ಫೀಸು ಕೇಳುವುದು ಎಲ್ಲಾ ಸೇರಿ 200 ಆಯಿತು. ಇಂಟರ್ನೆಟ್, ಸಾಫ್ಟ್‌ವೇರ್, ತೆರಿಗೆ ಕಳೆದರೆ ಕೈಗೆ 50,000. ಅಂದರೆ ಗಂಟೆಗೆ 250 ರೂಪಾಯಿ.

ಪಾತ್ರೆ, ಕಸ, ನೆಲ ಒರೆಸುವುದಕ್ಕೆ ತಿಂಗಳಿಗೆ 36 ಗಂಟೆ ಹೋಗುತ್ತಿತ್ತು. ಪಕ್ಕದ ಬೀದಿಯ ಅಕ್ಕ 2,500 ಕೇಳಿದರು. ದೀಪಾವಳಿಗೆ ಒಂದು ತಿಂಗಳ ಸಂಬಳ ಜಾಸ್ತಿ ಕೊಡಬೇಕು, ಅದನ್ನೂ ಹಂಚಿದರೆ ತಿಂಗಳಿಗೆ ಸುಮಾರು 2,700. ಗಂಟೆಗೆ 75 ಬಿತ್ತು. ಒಪ್ಪಿಕೊಂಡೆ. "ನಿನ್ನ ಮನೆ ಪಾತ್ರೆ ತೊಳೆಯೋಕೂ ಜನ ಬೇಕೇನಮ್ಮ?" ಎಂದರು ಅತ್ತೆ. ನೋಟ್‌ಬುಕ್ ತೋರಿಸಿದೆ.

ಅಡುಗೆಯವರನ್ನು ಮಾತ್ರ ಇಡಲಿಲ್ಲ. ಅವರು ಕೇಳಿದ್ದು 6,000. ನನ್ನ ಅಡುಗೆಗೆ 45 ಗಂಟೆ ಹಿಡಿಯುತ್ತದೆ, ಆದರೆ ಅಷ್ಟೂ ಉಳಿಯುವುದಿಲ್ಲ. ತರಕಾರಿ ತರಬೇಕು, ಏನು ಮಾಡಬೇಕೆಂದು ಹೇಳಬೇಕು, ಬರದಿದ್ದ ದಿನ ನಾನೇ ಮಾಡಬೇಕು. ನಿಜವಾಗಿ ಉಳಿಯುವುದು 25 ಗಂಟೆ. ಗಂಟೆಗೆ 240! ಜೊತೆಗೆ, ಸಂಜೆ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮಗಳು ಅಡುಗೆಕಟ್ಟೆ ಪಕ್ಕ ನಿಂತು ಶಾಲೆಯ ಸುದ್ದಿ ಹೇಳುತ್ತಾಳೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಲೆಕ್ಕದಲ್ಲಿ ಒಂದು ತಪ್ಪು ಮಾಡಿದ್ದೆ. ಮೊದಲ ತಿಂಗಳು ಉಳಿದ ಗಂಟೆಗಳಿಂದ ಒಂದು ರೂಪಾಯಿಯೂ ಬರಲಿಲ್ಲ. ಯಾಕೆಂದರೆ 250 ಬರೀ ಸರಾಸರಿ. ತಿಂಗಳ 8ನೇ ತಾರೀಖಿನಿಂದ 20ರವರೆಗೆ, ಅಂದರೆ ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಮುಗಿಯುವ ತನಕ, ನನಗೆ ಉಸಿರಾಡಲೂ ಪುರುಸೊತ್ತಿಲ್ಲ. 25ಕ್ಕೆ ಬಿಡುವಾದರೆ ಆ ಗಂಟೆಗೆ ದುಡ್ಡು ಕೊಡುವವರು ಯಾರೂ ಇಲ್ಲ, ಅಲ್ವಾ? ಹೊಸದಾಗಿ ಮೂರು ಅಂಗಡಿ ಹಿಡಿದ ಮೇಲೆ, ತಲಾ 1,000ದಂತೆ, ಅಕ್ಕನ ಸಂಬಳ ಹುಟ್ಟಿತು.

ಈಗ ಇಸ್ತ್ರಿಯನ್ನು 8ರಿಂದ 20ರವರೆಗೆ ಮಾತ್ರ ಹೊರಗೆ ಕೊಡುತ್ತೇನೆ. ಸಾರಿನ ಪುಡಿ, ಬೀರು ಜೋಡಿಸುವುದು, ಫ್ಯಾನ್ ಒರೆಸುವುದು 21ರ ನಂತರ, ನಾನೇ. ಅಕ್ಕನಿಗೂ ತಿಂಗಳಿಗೆ ನಾಲ್ಕು ದಿನ ಸಂಬಳದ ರಜೆ ಇದೆ. ಆದಷ್ಟು ಕೊನೆಯ ವಾರದಲ್ಲಿ ತೆಗೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ.